ಐದು ಮ್ಯಾಚ್, ಒಂದೇ ಸ್ಲಿಪ್: ಆಕ್ಯುಮುಲೇಟರ್ ಬೆಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ಡಿಗ್ರಿ ಮಕ್ಕಳಿಗೆ ಸ್ಟಾಟಿಸ್ಟಿಕ್ಸ್ ಹೇಳಿಕೊಡುವುದು ನನ್ನ ಕೆಲಸ. ಪ್ರಾಬಬಿಲಿಟಿ ಪಾಠ ಶುರುವಾದರೆ ಸಾಕು, ಬೆಟ್ಟಿಂಗ್ ಸ್ಲಿಪ್‌ನ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಯಾರಾದರೂ ಬಂದೇ ಬರುತ್ತಾರೆ. ಕ್ಲಾಸ್ ಮುಗಿದ ಮೇಲೆ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಬುದ್ಧಿವಾದ ಹೇಳಲು ಅವರ ಮನೆಯವರಿದ್ದಾರೆ. ಇಲ್ಲಿರುವುದು ಲೆಕ್ಕ ಮಾತ್ರ.

ಸರ್, ಆಕ್ಯುಮುಲೇಟರ್ ಅಂದ್ರೆ ಎಂತ? ಪಾರ್ಲೇ ಅಂದ್ರೆ ಬೇರೆಯಾ?

ಎರಡೂ ಒಂದೇ. ಇಂಗ್ಲೆಂಡಿನವರು ಆಕ್ಯುಮುಲೇಟರ್ ಅನ್ನುತ್ತಾರೆ, ಅಮೆರಿಕದವರು ಪಾರ್ಲೇ ಅನ್ನುತ್ತಾರೆ. ಕೆಲವು ಆ್ಯಪ್‌ಗಳಲ್ಲಿ ಮಲ್ಟಿ ಅಂತ ಇರುತ್ತದೆ.

ಹಲವು ಮ್ಯಾಚ್‌ಗಳನ್ನು ಒಂದೇ ಸ್ಲಿಪ್‌ಗೆ ಸೇರಿಸುವುದು, ಒಂದೊಂದರ ಆಡ್ಸನ್ನೂ ಗುಣಿಸುತ್ತಾ ಹೋಗುವುದು. ಎಲ್ಲವೂ ಸರಿಯಾದರೆ ದುಡ್ಡು, ಒಂದು ತಪ್ಪಿದರೂ ಸೊನ್ನೆ. ಸ್ಲಿಪ್‌ನ ಒಂದೊಂದು ಆಯ್ಕೆಗೆ ಲೆಗ್ ಅನ್ನುತ್ತಾರೆ.

ಆಡ್ಸ್ 1.90 ಅಂದರೆ 100 ರೂಪಾಯಿ ಹಾಕಿ ಗೆದ್ದವನಿಗೆ ಒಟ್ಟು 190 ಸಿಗುತ್ತದೆ, ಹಾಕಿದ 100 ಕೂಡ ಅದರಲ್ಲೇ ಸೇರಿದೆ. ಇಂಥ ಐದು ಲೆಗ್ ಸೇರಿಸಿದರೆ ದುಡ್ಡು ಹೀಗೆ ಏರುತ್ತದೆ: 190, ಆಮೇಲೆ 361, 685.90, 1,303.21, ಕೊನೆಗೆ 2,476.10. ನೂರು ಹಾಕಿ ಎರಡೂವರೆ ಸಾವಿರ. ನೋಡಿದರೆ ಯಾರಿಗೂ ಆಸೆ ಆಗುತ್ತದೆ, ಅಲ್ವಾ?

ಒಂದು ವಿಷಯ ಇಲ್ಲೇ ಗಮನಿಸಿ. ಮೊದಲ ಮ್ಯಾಚ್ ಗೆದ್ದ ಕೂಡಲೇ ಆ 190 ನಿಮ್ಮ ಕೈಗೆ ಬರುವುದಿಲ್ಲ. ಪೂರ್ತಿ 190 ಎರಡನೇ ಮ್ಯಾಚ್ ಮೇಲೆ ಹೋಗುತ್ತದೆ. ಅಲ್ಲಿಯೂ ಗೆದ್ದರೆ ಪೂರ್ತಿ 361 ಮೂರನೆಯದರ ಮೇಲೆ. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಬುಕ್ಕಿ ಕಮಿಷನ್ ಅಂತ ಎಂತದೂ ತೆಗೆಯುವುದಿಲ್ಲ. ಮತ್ತೆ ಅವನಿಗೆ ಲಾಭ ಎಲ್ಲಿಂದ?

ಆಡ್ಸ್‌ನೊಳಗಿಂದ. ಬಿಲ್ಲಿನಲ್ಲಿ ಕಾಣುವುದಿಲ್ಲ, ಅಷ್ಟೇ.

ಐಪಿಎಲ್ ಮ್ಯಾಚ್‌ನ ಟಾಸನ್ನೇ ತೆಗೆದುಕೊಳ್ಳಿ. ಅದರಲ್ಲಿ ಫಾರ್ಮ್ ಇಲ್ಲ, ಪಿಚ್ ಇಲ್ಲ, ಎರಡೂ ಕಡೆಗೆ ಸಮ ಅವಕಾಶ. ನ್ಯಾಯವಾದ ಆಡ್ಸ್ 2.00 ಇರಬೇಕು. ಬುಕ್ಕಿ ಕೊಡುವುದು 1.90 ಅಂದುಕೊಳ್ಳಿ. ಒಬ್ಬ ಈ ಟೀಮಿಗೆ 100 ಹಾಕಿದ, ಇನ್ನೊಬ್ಬ ಆ ಟೀಮಿಗೆ 100 ಹಾಕಿದ. ಬುಕ್ಕಿಯ ಹತ್ತಿರ 200 ಸೇರಿತು. ಯಾರು ಗೆದ್ದರೂ ಕೊಡಬೇಕಾದ್ದು 190, ಉಳಿಯುವುದು 10. ಇನ್ನೂರಕ್ಕೆ ಹತ್ತು, ಅಂದರೆ 5 ಪರ್ಸೆಂಟ್. ಇದೇ ಮಾರ್ಜಿನ್.

ಬೇರೆ ಯಾವ ಮ್ಯಾಚ್‌ನಲ್ಲೂ ಇದನ್ನು ನೀವೇ ನೋಡಬಹುದು. ಒಂದು ಮ್ಯಾಚ್‌ನ ಎಲ್ಲ ಫಲಿತಾಂಶಗಳ ಆಡ್ಸ್ ಬರೆದುಕೊಳ್ಳಿ. 1ನ್ನು ಒಂದೊಂದರಿಂದ ಭಾಗಿಸಿ, ಬಂದದ್ದನ್ನೆಲ್ಲ ಕೂಡಿಸಿ. ಫುಟ್‌ಬಾಲ್ ಮ್ಯಾಚ್ ಒಂದಕ್ಕೆ ಗೆಲುವು 2.00, ಡ್ರಾ 3.40, ಸೋಲು 3.60 ಇದೆ ಅನ್ನಿ:

```
1/2.00 + 1/3.40 + 1/3.60 = 1.072
1 / 1.072 = 0.933
```

ಮಾರ್ಜಿನ್ ಇಲ್ಲದಿದ್ದರೆ ಮೊದಲ ಮೊತ್ತ ಸರಿಯಾಗಿ 1 ಆಗುತ್ತಿತ್ತು. ಎರಡನೇ ಸಾಲು ಹೇಳುವುದೇನೆಂದರೆ, ಹಾಕಿದ ನೂರರಲ್ಲಿ ಸರಾಸರಿ ತಿರುಗಿ ಬರುವುದು 93 ರೂಪಾಯಿ ಚಿಲ್ಲರೆ. ಮೂರು ಫಲಿತಾಂಶ ಇರುವ ಕಡೆ ಮಾರ್ಜಿನ್ ಸ್ವಲ್ಪ ಜಾಸ್ತಿ ಇರುವುದು ಸಾಮಾನ್ಯ.

ಐದು ಪರ್ಸೆಂಟ್ ತಾನೇ? ಐದು ಮ್ಯಾಚ್ ಸೇರಿಸಿದರೂ ಅಷ್ಟೇ ಹೋಗುವುದಲ್ವಾ?

ಅಲ್ಲ. ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದೊಂದೇ.

ಮಲ್ಪೆಯಲ್ಲಿ ಒಂದು ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಮೆಂಟ್ ನಡೆದು, ಅಲ್ಲಿ 32 ಹುಡುಗರು ಸೇರಿದ್ದಾರೆ ಅಂದುಕೊಳ್ಳಿ. ಮುಂದಿನ ಐದು ಐಪಿಎಲ್ ಮ್ಯಾಚ್‌ಗಳ ಟಾಸ್ ಮೇಲೆ ಒಬ್ಬೊಬ್ಬ 100 ರೂಪಾಯಿ ಹಾಕಿ ಐದು ಲೆಗ್‌ನ ಒಂದೊಂದು ಸ್ಲಿಪ್ ಮಾಡುತ್ತಾನೆ. ಒಂದು ಟಾಸ್‌ಗೆ ಎರಡು ಫಲಿತಾಂಶ. ಐದು ಟಾಸ್‌ಗೆ ಎರಡನ್ನು ಐದು ಸಲ ಗುಣಿಸಿದರೆ 32 ಬಗೆ. ಹುಡುಗರು ಮಾತಾಡಿಕೊಂಡು ಒಬ್ಬೊಬ್ಬರು ಒಂದೊಂದು ಬಗೆ ಹಂಚಿಕೊಂಡರು. ಎರಡು ಸ್ಲಿಪ್ ಒಂದೇ ತರ ಇಲ್ಲ.

ಈಗ ಟಾಸ್ ಹೇಗೆ ಬಿದ್ದರೂ ಒಬ್ಬ ಗೆದ್ದೇ ಗೆಲ್ಲುತ್ತಾನೆ. ಒಬ್ಬನೇ. ಒಟ್ಟು ಹಾಕಿದ್ದು 3,200. ಗೆದ್ದವನಿಗೆ ಸಿಗುವುದು 2,476.10. ಬುಕ್ಕಿಗೆ ಉಳಿಯುವುದು 723.90. ಅಂದರೆ 22.6 ಪರ್ಸೆಂಟ್.

ಅದೇ 32 ಜನ ಅದೇ ನೂರು ರೂಪಾಯಿಯನ್ನು ಒಂದೇ ಟಾಸ್ ಮೇಲೆ, ಅರ್ಧ ಜನ ಆ ಕಡೆ ಅರ್ಧ ಜನ ಈ ಕಡೆ ಹಾಕಿದ್ದರೆ? 16 ಜನರಿಗೆ ತಲಾ 190, ಒಟ್ಟು 3,040. ಬುಕ್ಕಿಗೆ 160 ಮಾತ್ರ. ಅದೇ ಜನ, ಅದೇ ದುಡ್ಡು, ಅದೇ ಆಡ್ಸ್. ಆದರೆ 160ರ ಜಾಗದಲ್ಲಿ 724.

ಸೂತ್ರ ಬೇಕಿದ್ದರೆ ಒಂದೇ ಸಾಲು:

```
0.95 × 0.95 × 0.95 × 0.95 × 0.95 = 0.774
```

ಒಂದೊಂದು ಲೆಗ್‌ನಲ್ಲಿ ತಿರುಗಿ ಬರುವ ಪಾಲು 0.95. ಆಡ್ಸ್ ಗುಣಿಸಿದ ಹಾಗೆ ಇದೂ ಗುಣಿಸಿಕೊಳ್ಳುತ್ತದೆ. ಸ್ಲಿಪ್‌ನಲ್ಲಿ ಮೊದಲನೆಯ ಗುಣಾಕಾರ ದೊಡ್ಡ ಅಕ್ಷರದಲ್ಲಿ ಕಾಣುತ್ತದೆ, ಎರಡನೆಯದನ್ನು ಯಾರೂ ಬರೆಯುವುದಿಲ್ಲ.

ಒಂದೊಂದೇ ಬೆಟ್ ಹಾಕಿದರೂ ಪ್ರತಿ ಸಲ ಐದು ಪರ್ಸೆಂಟ್ ಹೋಗ್ತದೆ. ಮತ್ತೆ ವ್ಯತ್ಯಾಸ ಎಂತ ಮಾರ್ರೆ?

ಒಳ್ಳೆಯ ಪ್ರಶ್ನೆ. ಇಂಥ ಪ್ರಶ್ನೆಗೂ ಇಂಟರ್ನಲ್ಸ್‌ನಲ್ಲಿ ಮಾರ್ಕ್ ಇದ್ದಿದ್ದರೆ ಕೇಳಿದ ಹುಡುಗನಿಗೆ ಕೊಡುತ್ತಿದ್ದೆ.

ವ್ಯತ್ಯಾಸ ಎಷ್ಟು ದುಡ್ಡು ಓಡಾಡುತ್ತದೆ ಅನ್ನುವುದರಲ್ಲಿದೆ. ನೂರು ರೂಪಾಯಿಯನ್ನು 20ರಂತೆ ಐದು ಬೇರೆ ಬೇರೆ ಬೆಟ್ ಮಾಡಿದರೆ ಬುಕ್ಕಿಯ ಕೈಯಿಂದ ಹಾದುಹೋಗುವುದು ಬರೀ 100. ಸರಾಸರಿ ನಷ್ಟ 5 ರೂಪಾಯಿ.

ಐದು ಲೆಗ್‌ನ ಸ್ಲಿಪ್‌ನಲ್ಲಿ ಹಾಗಲ್ಲ. ಮೊದಲು 100 ಹೋಗುತ್ತದೆ. ಅದರಲ್ಲಿ ಸರಾಸರಿ 95 ಉಳಿದು ಎರಡನೆಯದಕ್ಕೆ ಹೋಗುತ್ತದೆ, ಆಮೇಲೆ 90.25, 85.74, 81.45. ಕೂಡಿಸಿದರೆ ಸುಮಾರು 452 ರೂಪಾಯಿ. ಅದರ 5 ಪರ್ಸೆಂಟ್ ಎಷ್ಟು? 22.6. ಹುಡುಗರ ಲೆಕ್ಕದಲ್ಲಿ ಬಂದ ಅದೇ ಸಂಖ್ಯೆ.

ತಲಪಾಡಿಯಿಂದ ಕುಂದಾಪುರಕ್ಕೆ ಹೆದ್ದಾರಿಯಲ್ಲಿ ಹೋದರೆ ಹೆಜಮಾಡಿಯಲ್ಲಿ ಟೋಲ್, ಸಾಸ್ತಾನದಲ್ಲಿ ಟೋಲ್. ಅಲ್ಲಿ ಗಾಡಿಗೆ ಇಷ್ಟು ಅಂತ ರೇಟ್ ಇದೆ. ಗಾಡಿಯೊಳಗಿನ ಸಾಮಾನಿನ ಬೆಲೆಗೆ ಇಷ್ಟು ಪರ್ಸೆಂಟ್ ಅಂತ ಟೋಲ್ ಇದ್ದರೆ ಹೇಗಿರುತ್ತಿತ್ತೋ, ಆಕ್ಯುಮುಲೇಟರ್ ಹಾಗೆ. ಗೆಲ್ಲುತ್ತಾ ಹೋದಂತೆ ಸಾಮಾನು ಜಾಸ್ತಿ, ಟೋಲೂ ಜಾಸ್ತಿ.

ಅಂದರೆ ಇದರಲ್ಲಿ ಗುಟ್ಟಿನ ಮೋಸ ಏನೂ ಇಲ್ಲ. ನೀವೇ ಕೈಯಾರೆ ಗೆದ್ದದ್ದನ್ನೆಲ್ಲ ಮುಂದಿನ ಮ್ಯಾಚ್‌ಗೆ ಸುರಿಯುತ್ತಾ ಹೋದರೂ ಫಲ ಇಷ್ಟೇ. ಆದರೆ ಕೈಯಲ್ಲಿ 685 ರೂಪಾಯಿ ಬಂದು ಕೂತಾಗ ಎಷ್ಟು ಜನ ಅದನ್ನು ಪೂರ್ತಿ ಮತ್ತೊಂದು ಟಾಸ್ ಮೇಲೆ ಇಡುತ್ತಾರೆ? ಸ್ಲಿಪ್ ಆ ಯೋಚನೆಗೆ ಜಾಗವನ್ನೇ ಕೊಡುವುದಿಲ್ಲ.

ನಾನು ಟಾಸ್‌ಗೆಲ್ಲ ಹಾಕುವುದಿಲ್ಲ. ಗೆಲ್ಲುವುದು ಗ್ಯಾರಂಟಿ ಅನ್ನುವ ಟೀಮ್ ಮಾತ್ರ ಸೇರಿಸುತ್ತೇನೆ.

ಶನಿವಾರ ರಾತ್ರಿ ಇಂಗ್ಲಿಷ್ ಫುಟ್‌ಬಾಲ್ ನೋಡುವವರ ಸ್ಲಿಪ್‌ಗಳು ಹೆಚ್ಚಾಗಿ ಹೀಗೇ ಇರುತ್ತವೆ. ದೊಡ್ಡ ಟೀಮ್‌ಗಳು, 1.25ರ ಆಡ್ಸ್, ಐದು ಲೆಗ್. ಗುಣಿಸಿದರೆ 3.05. ನೂರಕ್ಕೆ 305.

1ನ್ನು 1.25ರಿಂದ ಭಾಗಿಸಿದರೆ 0.80, ಅಂದರೆ ಬುಕ್ಕಿಯ ಲೆಕ್ಕದಲ್ಲೇ ಗೆಲ್ಲುವ ಅವಕಾಶ 80 ಪರ್ಸೆಂಟ್. ಅದರಲ್ಲಿ ಅವನ ಮಾರ್ಜಿನ್ ತೆಗೆದರೆ ನಿಜವಾದದ್ದು 76ರ ಹತ್ತಿರ ಅನ್ನಿ. 76 ಪರ್ಸೆಂಟ್ ಅಂದರೆ ಗಟ್ಟಿ ಅಂತಲೇ ಅನಿಸುತ್ತದೆ. ಆದರೆ 0.76ನ್ನು ಐದು ಸಲ ಗುಣಿಸಿ ನೋಡಿ, 0.254 ಬರುತ್ತದೆ. ನಾಲ್ಕು ಸ್ಲಿಪ್‌ನಲ್ಲಿ ಮೂರು ಸೋಲುತ್ತವೆ. ಸರಾಸರಿ ವಾಪಸ್ ಬರುವುದು ಮತ್ತೆ 77 ರೂಪಾಯಿಯೇ.

ಬಲವಾದ ಟೀಮ್‌ಗಳ ಆಡ್ಸ್‌ನಲ್ಲಿ ಮಾರ್ಜಿನ್ ಕೆಲವೊಮ್ಮೆ ಕಡಿಮೆ ಇರುತ್ತದೆ, ನಿಜ. ಮಾರ್ಜಿನ್ ಪೂರ್ತಿ ಸೊನ್ನೆ ಅಂತಲೇ ಇಟ್ಟುಕೊಳ್ಳೋಣ. ಆಗಲೂ 0.80ನ್ನು ಐದು ಸಲ ಗುಣಿಸಿದರೆ 0.328. ಗ್ಯಾರಂಟಿ ಟೀಮ್‌ಗಳ ಸ್ಲಿಪ್ ಮೂರರಲ್ಲಿ ಎರಡು ಸಲ ಹೋಗುತ್ತದೆ.

ಪ್ರತಿ ಸಲ ಒಂದೇ ಒಂದು ಮ್ಯಾಚ್‌ನಲ್ಲಿ ತಪ್ಪುತ್ತದೆ ಸರ್. ಇನ್ನೇನು ಬಂತು ಅನ್ನುವಷ್ಟರಲ್ಲಿ ಹೋಯ್ತು.

ಹಾಗೆ ಆಗಲೇಬೇಕು. ಮೇಲಿನ 1.25ರ ಸ್ಲಿಪ್‌ನಲ್ಲಿ ಐದೂ ಗೆಲ್ಲುವ ಅವಕಾಶ 25 ಪರ್ಸೆಂಟ್. ಸರಿಯಾಗಿ ನಾಲ್ಕು ಗೆದ್ದು ಒಂದು ಸೋಲುವ ಅವಕಾಶ 40 ಪರ್ಸೆಂಟ್. ಅತಿ ಹೆಚ್ಚು ಸಲ ಬರುವ ಫಲಿತಾಂಶವೇ ‘ಒಂದರಲ್ಲಿ ತಪ್ಪಿತು’ ಅನ್ನುವುದು! ಟಾಸ್ ಸ್ಲಿಪ್‌ನಲ್ಲಂತೂ ಒಬ್ಬ ಗೆದ್ದರೆ, ಅದೇ 32 ಜನರಲ್ಲಿ ಐವರು ಒಂದೇ ಒಂದು ಟಾಸ್‌ನಲ್ಲಿ ತಪ್ಪಿರುತ್ತಾರೆ.

ಹೊಸಬ ಇದನ್ನು ತನ್ನ ಅಂದಾಜು ಸರಿ ಇದೆ, ಅದೃಷ್ಟ ಮಾತ್ರ ಕೈಕೊಟ್ಟಿತು ಅಂತ ಓದಿಕೊಳ್ಳುತ್ತಾನೆ. ಮುಂದಿನ ವಾರ ಮತ್ತೆ ಹಾಕುತ್ತಾನೆ. ಒಂದೊಂದೇ ಬೆಟ್‌ನಲ್ಲಿ ಸೋತವನಿಗೆ ಈ ಸಮಾಧಾನ ಸಿಗುವುದಿಲ್ಲ. ಸೋತ ಬೆಟ್ ಬರೀ ಸೋತ ಬೆಟ್ ಆಗಿ ಕಾಣುತ್ತದೆ.

ನೂರು ರೂಪಾಯಿ ತಾನೇ ಸರ್? ಬಂದರೆ ಅರವತ್ತು ಸಾವಿರ.

1.90ರ ಹತ್ತು ಲೆಗ್ ಸೇರಿಸಿದರೆ ನೂರಕ್ಕೆ ಸುಮಾರು 61,310 ತೋರಿಸುತ್ತದೆ. ಆಡುವವರು ಸಿಕ್ಕಿಬೀಳುವುದು ಇಲ್ಲೇ. ಹಾಕುವ ದುಡ್ಡು ಮಸಾಲೆದೋಸೆ, ಕಾಫಿಯ ಲೆಕ್ಕದ್ದು, ಕಾಣುವ ದುಡ್ಡು ಹೊಸ ಸ್ಕೂಟರ್‌ನ ಡೌನ್ ಪೇಮೆಂಟಿನದ್ದು. ನಡುವಿನ ಸಂಖ್ಯೆ, ಅಂದರೆ ಎಷ್ಟರಲ್ಲಿ ಒಂದು ಗೆಲ್ಲುತ್ತದೆ ಅನ್ನುವುದು, ಸ್ಲಿಪ್‌ನಲ್ಲಿ ಎಲ್ಲಿಯೂ ಇಲ್ಲ. ಅದು 1,024ರಲ್ಲಿ ಒಂದು.

ವಾರಕ್ಕೊಂದು ಸ್ಲಿಪ್ ಅಂತ ಹಿಡಿಯಿರಿ. ಸರಾಸರಿ ಒಂದು ಗೆಲುವಿಗೆ 1,024 ವಾರ, ಹತ್ತಿರ ಹತ್ತಿರ 20 ವರ್ಷ. ಅಷ್ಟರಲ್ಲಿ ಹಾಕಿದ್ದು 1,02,400, ಬಂದದ್ದು 61,310. ನೂರಕ್ಕೆ 40 ರೂಪಾಯಿ ಬುಕ್ಕಿಗೆ. 20 ವರ್ಷ ಆದ ಮೇಲೆ ಬಂದೇ ಬರುತ್ತದೆ ಅಂತಲೂ ಇಲ್ಲ, ಸರಾಸರಿ ಅಂದರೆ ಗ್ಯಾರಂಟಿ ಅಲ್ಲ.

ಮನುಷ್ಯನ ತಲೆ 32ರಲ್ಲಿ ಒಂದನ್ನೂ 1,024ರಲ್ಲಿ ಒಂದನ್ನೂ ‘ಕಷ್ಟ, ಆದರೆ ಆಗಬಹುದು’ ಅಂತ ಒಂದೇ ಡಬ್ಬಿಗೆ ಹಾಕುತ್ತದೆ. ಆದರೆ 2,476 ಮತ್ತು 61,310ರ ವ್ಯತ್ಯಾಸ ಅದಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಆದ್ದರಿಂದಲೇ ಹೊಸಬರ ಕೈ ಇನ್ನೊಂದು ಲೆಗ್ ಸೇರಿಸುವ ಕಡೆಗೇ ಹೋಗುವುದು.

ಇದು ಕಾಗದದ ಮೇಲಿನ ಲೆಕ್ಕ ಮಾತ್ರ ಅಲ್ಲ. ಅಮೆರಿಕದ ನೆವಾಡಾದಲ್ಲಿ ಬೆಟ್ಟಿಂಗ್ ಕಾನೂನುಬದ್ಧ, ಅಲ್ಲಿನ ಸರ್ಕಾರಿ ನಿಯಂತ್ರಣ ಮಂಡಳಿ ಲೆಕ್ಕ ಪ್ರಕಟಿಸುತ್ತದೆ. ಕ್ರೀಡಾ ಬೆಟ್ಟಿಂಗ್ ಒಟ್ಟಾರೆ ನೋಡಿದರೆ ಬುಕ್ಕಿಗಳಿಗೆ ಉಳಿಯುವುದು ವರ್ಷಗಳ ಸರಾಸರಿಯಲ್ಲಿ ಸುಮಾರು 5 ಪರ್ಸೆಂಟ್. ಪಾರ್ಲೇ ಕಾರ್ಡ್‌ಗಳಲ್ಲಿ ಸುಮಾರು 30.

ಟೆಲಿಗ್ರಾಂನಲ್ಲಿ ಒಬ್ಬ ಐದಕ್ಕೆ ಐದೂ ಸರಿ ಹೇಳಿದ. ನಾವೇ ನೋಡಿದ್ದು.

ನೋಡಿದ್ದು ನಿಜವೇ ಇರಬಹುದು. 32 ಹುಡುಗರನ್ನು ನೆನಪಿಸಿಕೊಳ್ಳಿ. ಆ ಮನುಷ್ಯ 32 ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಬಗೆಯ ಟಿಪ್ ಕಳಿಸಿದರೆ ಸಾಕು. ಒಂದು ಗುಂಪಿಗೆ ಐದೂ ಸರಿ ಬರುತ್ತದೆ. ಉಳಿದ ಗುಂಪುಗಳನ್ನು ಡಿಲೀಟ್ ಮಾಡುತ್ತಾನೆ. ಗೆದ್ದ ಗುಂಪಿನವರ ಹತ್ತಿರ ಮುಂದಿನ ಟಿಪ್‌ಗೆ ದುಡ್ಡು ಕೇಳುತ್ತಾನೆ. ಅವನಿಗೆ ಕ್ರಿಕೆಟ್ ಗೊತ್ತಿರಬೇಕೆಂದೇ ಇಲ್ಲ.

ಅವನು ಕೊಟ್ಟ ಲಿಂಕಿನಿಂದ ಆ್ಯಪ್‌ಗೆ ಸೇರಿದವರು ಸೋತ ದುಡ್ಡಿನಲ್ಲಿ ಅವನಿಗೆ ಪಾಲು ಸಿಗುವ ವ್ಯವಸ್ಥೆಯೂ ಈ ವ್ಯಾಪಾರದಲ್ಲಿ ಉಂಟು.

ಐದು ಲೆಗ್ ಹಾಕಿದರೆ 10 ಪರ್ಸೆಂಟ್ ಬೋನಸ್ ಕೊಡುತ್ತಾರೆ. ಅದರಲ್ಲಿ ಸರಿಹೋಗುವುದಿಲ್ವಾ?

ಬೋನಸ್ ಸಾಮಾನ್ಯವಾಗಿ ಲಾಭದ ಮೇಲೆ. ಟಾಸ್ ಸ್ಲಿಪ್‌ನಲ್ಲಿ ಲಾಭ 2,376.10, ಅದರ 10 ಪರ್ಸೆಂಟ್ 237.61. ಗೆದ್ದವನಿಗೆ ಈಗ 2,713.71. 32 ಜನ ಹಾಕಿದ್ದು 3,200. ಇನ್ನೂ 15 ಪರ್ಸೆಂಟ್ ಬುಕ್ಕಿಯ ಹತ್ತಿರವೇ ಇದೆ. ಸರಿಹೋಗಬೇಕಾದರೆ ಬೋನಸ್ 30 ಪರ್ಸೆಂಟ್ ದಾಟಬೇಕು.

ಒಂದು ಬೆಟ್‌ಗೆ 5 ತೆಗೆಯುವವನು ಐದು ಸೇರಿಸಿದ್ದಕ್ಕೆ ಬೋನಸ್ ಕೊಟ್ಟೂ 15 ತೆಗೆಯುತ್ತಾನೆ. ಬೋನಸ್ ಏಕೆ ಒಂದೇ ಬೆಟ್‌ಗೆ ಇರುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ.

ನಾಲ್ಕು ಗೆದ್ದಾಗ ಕ್ಯಾಶ್‌ಔಟ್ ಅಂತ ಬರುತ್ತದೆ. ತೆಗೆದುಕೊಳ್ಳುವುದು ಬುದ್ಧಿವಂತಿಕೆ ಅಲ್ವಾ?

ಕ್ಯಾಶ್‌ಔಟ್ ಅಂದರೆ ಉಳಿದ ಫಲಿತಾಂಶಕ್ಕೆ ಕಾಯದೆ, ಆ್ಯಪ್ ಕೊಡುವಷ್ಟು ದುಡ್ಡು ತೆಗೆದುಕೊಂಡು ಸ್ಲಿಪ್ ಮುಗಿಸುವುದು. ನಾಲ್ಕು ಟಾಸ್ ಗೆದ್ದಾಗಿದೆ, ಒಂದು ಬಾಕಿ. ಗೆದ್ದರೆ 2,476.10, ಅವಕಾಶ ಅರ್ಧ. ಆದ್ದರಿಂದ ಈ ಸ್ಲಿಪ್‌ನ ಈಗಿನ ನ್ಯಾಯವಾದ ಬೆಲೆ 1,238. ಆ್ಯಪ್ 1,100 ಕೊಡುತ್ತೇನೆ ಅಂದರೆ ನೀವು 138 ಬಿಟ್ಟುಕೊಟ್ಟು ಹೊರಗೆ ಬರುತ್ತಿದ್ದೀರಿ. ಐದು ಲೆಗ್‌ನ ಮಾರ್ಜಿನ್ ಮೊದಲೇ ಆಡ್ಸ್‌ನಲ್ಲಿ ಕೊಟ್ಟಾಗಿದೆ, ಇದು ಅದರ ಮೇಲೆ ಇನ್ನೊಂದು.

ಸಾವಿರ ರೂಪಾಯಿ ಕಳೆದುಕೊಳ್ಳುವ ಭಯಕ್ಕೆ ಅದು ಸಮಾಧಾನ ಕೊಡಬಹುದು, ಅದನ್ನು ಅಲ್ಲ ಅನ್ನುವುದಿಲ್ಲ. ಆದರೆ ಲೆಕ್ಕ ಮಾಡುವ ಕ್ರಮ ಇಷ್ಟೇ: ಸಿಗಬಹುದಾದ ಪೂರ್ತಿ ಮೊತ್ತವನ್ನು ಉಳಿದ ಲೆಗ್‌ಗಳ ನಿಜವಾದ ಅವಕಾಶದಿಂದ ಗುಣಿಸಿ, ಆ್ಯಪ್ ತೋರಿಸುವುದರ ಜೊತೆ ಹೋಲಿಸಿ.

ಒಂದೇ ಮ್ಯಾಚ್‌ನಲ್ಲಿ ‘ಆರ್‌ಸಿಬಿ ಗೆಲುವು, ಓಪನರ್ ಅರ್ಧಶತಕ’ ಅಂತ ಸೇರಿಸಿದರೆ?

ಇಲ್ಲಿ ಸುಮ್ನೆ ಗುಣಿಸಿದರೆ ಆಗುವುದಿಲ್ಲ. ಓಪನರ್ ಐವತ್ತು ಹೊಡೆದ ದಿನ ಟೀಮ್ ಗೆಲ್ಲುವ ಅವಕಾಶವೂ ಜಾಸ್ತಿ, ಎರಡಕ್ಕೂ ನಂಟಿದೆ. ಹಾಗಾಗಿ ಆ್ಯಪ್ ತನ್ನದೇ ಲೆಕ್ಕ ಹಾಕಿ ಗುಣಿಸಿದ್ದಕ್ಕಿಂತ ಕಡಿಮೆ ಆಡ್ಸ್ ಕೊಡುತ್ತದೆ. ಕಡಿಮೆ ಮಾಡುವುದು ಸರಿಯೇ, ಎಷ್ಟು ಕಡಿಮೆ ಮಾಡಿತು ಅನ್ನುವುದು ಕಾಣುವುದಿಲ್ಲ. ಮೇಲೆ ಹೇಳಿದ ಹಾಗೆ 1ನ್ನು ಭಾಗಿಸಿ ಕೂಡಿಸಲು ಎದುರು ಬದಿಯ ಆಡ್ಸೇ ಇರುವುದಿಲ್ಲ. ನನಗೆ ಎಲ್ಲದಕ್ಕಿಂತ ಅನುಮಾನ ಇರುವ ಸ್ಲಿಪ್ ಇದೇ.

ಮಟ್ಕಾದ ಜೋಡಿಯೂ ಇದೇ ತರವಾ?

ಮೇಲ್ನೋಟಕ್ಕೆ ಹೌದು. ಎರಡು ಅಂಕೆಗಳೂ ಸರಿ ಬಂದರೆ ಮಾತ್ರ ದುಡ್ಡು. ಆದರೆ ಒಂದು ವ್ಯತ್ಯಾಸ ಇದೆ. ಒಂದು ಅಂಕೆಗೆ ಹತ್ತರಲ್ಲಿ ಒಂದು ಅವಕಾಶ, ಅದಕ್ಕೆ 9 ಪಟ್ಟು ಕೊಟ್ಟರೆ 10 ಪರ್ಸೆಂಟ್ ಕಡಿತ. ಅದನ್ನೇ ಎರಡು ಸಲ ಗುಣಿಸಿದರೆ ಜೋಡಿಗೆ 81 ಪಟ್ಟು ಆಗಬೇಕು. ಜೋಡಿಗೆ ಮಾತ್ರ ರೇಟ್ ಬೇರೆಯಾಗಿ ಕಟ್ಟುತ್ತಾರೆ. 90 ಕೊಟ್ಟರೆ ಕಡಿತ ಒಂದೇ ಸಲ ಆದ ಹಾಗೆ, 70 ಕೊಟ್ಟರೆ ನೂರಕ್ಕೆ 30 ಹೋಯಿತು.

ಬೆಂಗಳೂರಿನ ಕುದುರೆ ರೇಸಿನ ಟೋಟ್‌ನಲ್ಲೂ ಟ್ರೆಬಲ್, ಜಾಕ್‌ಪಾಟ್ ಅಂತ ಹಲವು ರೇಸ್ ಸೇರಿಸಿದ ಬೆಟ್ ಇದೆ. ಅಲ್ಲಿ ಎಲ್ಲರ ದುಡ್ಡು ಒಂದು ಪೂಲ್‌ಗೆ ಹೋಗಿ, ಕಡಿತ ಆ ಪೂಲ್‌ನಿಂದ ಒಂದೇ ಸಲ ಆಗುತ್ತದೆ. ಉಳಿದದ್ದು ಗೆದ್ದವರಿಗೆ ಹಂಚಿಕೆ. ಸೇರಿಸಿದ ಬೆಟ್‌ಗಳಲ್ಲೆಲ್ಲ ಮಾರ್ಜಿನ್ ಗುಣಿಸಿಕೊಳ್ಳಲೇಬೇಕು ಅಂತ ಇಲ್ಲ. ಬೆಟ್ ಹಾಕುವಾಗಲೇ ರೇಟ್ ಗೊತ್ತು ಮಾಡುವ ಫಿಕ್ಸೆಡ್ ಆಡ್ಸ್‌ನ ಬುಕ್ಕಿಯಲ್ಲಿ ಹಾಗೆ ಆಗುತ್ತದೆ.

ಹಾಗಾದರೆ ಯಾರಿಗೂ ಇದರಲ್ಲಿ ಲಾಭ ಇಲ್ವಾ?

ಲೆಕ್ಕದ ಪ್ರಕಾರ ಇದೆ. ಪ್ರತಿ ಲೆಗ್‌ನಲ್ಲೂ ಬುಕ್ಕಿಗಿಂತ ನಿಮ್ಮ ಅಂದಾಜು ನಿಜವಾಗಿ ಉತ್ತಮ ಇದ್ದು, ನೂರಕ್ಕೆ ಸರಾಸರಿ 105 ಬರುವ ಹಾಗಿದ್ದರೆ ಐದು ಲೆಗ್‌ನಲ್ಲಿ ಅದು ಸುಮಾರು 128 ಆಗುತ್ತದೆ. ಗುಣಾಕಾರಕ್ಕೆ ಪಕ್ಷಪಾತ ಇಲ್ಲ. ಆದರೆ ಅಂಥ ಅಂದಾಜು ಒಂದು ಮ್ಯಾಚ್‌ನಲ್ಲಿ ಸಿಗುವುದೇ ಅಪರೂಪ, ಒಂದೇ ದಿನ ಐದು ಮ್ಯಾಚ್‌ನಲ್ಲಿ ಸಿಗುವುದು ದೂರದ ಮಾತು. ಸತತವಾಗಿ ಗೆಲ್ಲುವವರ ಅಕೌಂಟ್‌ಗೆ ಬುಕ್ಕಿಗಳು ಮಿತಿ ಹಾಕುತ್ತಾರೆ. ಆಕ್ಯುಮುಲೇಟರ್ ಹಾಕುವವರಿಗೆ ಬೋನಸ್ ಕಳಿಸುತ್ತಾರೆ.

ಸ್ಲಿಪ್ ಗೆದ್ದಿದೆ, ಆದರೆ ದುಡ್ಡು ಬರುತ್ತಿಲ್ಲ. ಮೊದಲು ಟ್ಯಾಕ್ಸ್ ಕಟ್ಟಿ ಅನ್ನುತ್ತಾರೆ. ಎಂತ ಮಾಡುವುದು?

ಒಂದು ರೂಪಾಯಿಯೂ ಕಟ್ಟಬೇಡಿ. ಟ್ಯಾಕ್ಸ್ ಇದ್ದರೆ ಗೆದ್ದ ಹಣದಿಂದಲೇ ಹಿಡಿಯುತ್ತಾರೆ. ನಿಮ್ಮಿಂದ ಮುಂಗಡ ಕೇಳುವುದು ಮೋಸಗಾರರು. ಕಟ್ಟಿದರೆ ಮುಂದೆ ‘ವೆರಿಫಿಕೇಶನ್ ಫೀ’ ಅಂತ ಮತ್ತೊಂದು ಬರುತ್ತದೆ.

ಹಣ ಇಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಮಾಡಿದೆ. ಅದರಲ್ಲಿ ಶಿಕ್ಷೆ ಇರುವುದು ಆಡಿಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸುವವರಿಗೆ. ಆಟವೇ ನಿಷೇಧ ಆಗಿರುವಾಗ ಇಂಥ ಆ್ಯಪ್ ವಿರುದ್ಧ ಗ್ರಾಹಕನಾಗಿ ಹೋಗಿ ಗೆದ್ದ ಹಣ ವಸೂಲಿ ಮಾಡುವುದು ನಡೆಯುವ ಮಾತಲ್ಲ. ಇನ್ನೊಂದು ಅಪಾಯವೂ ಇದೆ. ಈ ಆ್ಯಪ್‌ಗಳ ಹಣ ಬೇರೆ ಬೇರೆಯವರ ಹೆಸರಿನ ಬ್ಯಾಂಕ್ ಖಾತೆಗಳಲ್ಲಿ ಓಡಾಡುತ್ತದೆ. ಅಂಥ ಖಾತೆಯಿಂದ ನಿಮಗೆ ದುಡ್ಡು ಬಂದರೆ ನಿಮ್ಮ ಖಾತೆಯೂ ತನಿಖೆಯಲ್ಲಿ ಫ್ರೀಜ್ ಆಗಬಹುದು. ಕಮಿಷನ್ ಆಸೆಗೆ ಎಟಿಎಂ ಕಾರ್ಡ್, ಸಿಮ್ ಯಾರಿಗೂ ಕೊಡಬೇಡಿ.

ಮೋಸ ಹೋಗಿ ದುಡ್ಡು ಕಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ, ಹಣ ಮುಂದಿನ ಖಾತೆಗೆ ಹೋಗುವ ಮೊದಲು ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಆಡುವುದನ್ನು ನಿಲ್ಲಿಸಲು ಆಗುತ್ತಿಲ್ಲ ಅನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಕರೆಗೆ ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.